ಸಾರಾಂಶದ ಜೊತೆಗೆ ಹೋಗುವ ಪತ್ರ

ವಿದ್ವತ್ಸಮ್ಮೇಳನಗಳಿಗೆ ಪ್ರಬಂಧದ ಸಾರಾಂಶವನ್ನು ಕಳುಹಿಸುವವರು ಅದರೊಡನೆ ಸಂಚಾಲಕರಿಗೆ ಒಂದು ಪತ್ರವನ್ನು ಬರೆಯುವುದು ಬಹುಕಾಲದ ರೂಢಿ. ಕಚೇರಿಗಳಲ್ಲಿ ಇದಕ್ಕೆ ಕವರಿಂಗ್ ಲೆಟರ್ ಎಂದು ಹೆಸರು. ಅಂಚೆಯಲ್ಲಿ ಹೋಗುತ್ತಿದ್ದ ಈ ಪತ್ರ ಈಗ ಇ-ಮೇಲಿನಲ್ಲಿ ಹೋಗುತ್ತದೆ. ಪ್ರಬಂಧ ಚೆನ್ನಾಗಿದ್ದರೆ ಸಾಕು, ಪತ್ರ ಹೇಗಿದ್ದರೇನು ಎಂಬ ಭಾವನೆ ನಮ್ಮ ಉಪಾಧ್ಯಾಯವರ್ಗದಲ್ಲಿ ಬಲವಾಗಿದೆ. ನನ್ನಲ್ಲಿಯೂ ಇದ್ದಿತು. ನನ್ನ ಹಳೆಯ ವಿದ್ಯಾರ್ಥಿಯೂ ಈಗ ಕೆಂಗೇರಿಯ ಕಡೆ ಉಪಾಧ್ಯಾಯನೂ ಆಗಿರುವ ತರುಣನೊಬ್ಬನಿಗೆ ಒದಗಿದ ಪ್ರಸಂಗವನ್ನು ಹತ್ತಿರದಿಂದ ಕಂಡ ಮೇಲೆ ಆ ಭಾವನೆಯನ್ನು ಬಿಟ್ಟೆನು.

ಆತನ ನಂಟರ ಮನೆಯಲ್ಲಿ ಹಳೆಯ ವರ್ತಕ ಕಡತವೊಂದಿತ್ತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕವೇ ಕಡತ. ಕೈ ಉಜ್ಜಿದರೆ ಬಳಪದ ಅಕ್ಷರ ಮಾಸುತ್ತದೆ. ಮಡಿಕೆಯ ಅಂಚುಗಳಲ್ಲಿ ಆಗಲೇ ಮಾಸಿದ್ದಿತು. ಸೇರು, ಕೊಳಗ, ಖಂಡುಗಗಳ ಜೊತೆಗೆ ಹಾಗ, ವೀಸಗಳಿಗೆ ಆ ಮನೆತನದವರು ಬಳಸುತ್ತಿದ್ದ ಸಂಕ್ಷೇಪ ಚಿಹ್ನೆಗಳೂ ಅದರಲ್ಲಿದ್ದವು. ಅವನ್ನು ಸರಾಗವಾಗಿ ಓದಬಲ್ಲವರು ಮನೆಯ ಹಿರಿಯರೊಬ್ಬರೇ. ಎರಡು ಬೇಸಗೆ ರಜೆಗಳಲ್ಲಿ ಅವರ ಬಳಿ ಕುಳಿತು ತರುಣನು ಬಹುಭಾಗವನ್ನು ನಕಲು ಮಾಡಿಕೊಂಡು, ಒಂದು ಸಮ್ಮೇಳನಕ್ಕೆ ಸಾರಾಂಶ ಕಳುಹಿಸಿದನು. ಪರಿಶೀಲನೆಗೇ ಹೋಗದೆ ಅದು ಹಿಂದಿರುಗಿತು.

ಸಂಚಾಲಕ ಸಮಿತಿಯ ಸೂಚನೆ ಹೀಗಿದ್ದಿತು: ಸಾರಾಂಶ 250 ಪದಗಳಿಗೆ ಮೀರಬಾರದು, ಐದು ಸೂಚಕಪದಗಳಿರಬೇಕು, ಕನ್ನಡವು ಯೂನಿಕೋಡ್‌ನಲ್ಲಿರಬೇಕು, ಸಾರಾಂಶದ ಫೈಲಿನಲ್ಲಿ ಲೇಖಕರ ಹೆಸರಿರಕೂಡದು, ಇ-ಮೇಲಿನ ಒಕ್ಕಣೆ 100 ಪದಗಳೊಳಗಿರಬೇಕು, ವಿಷಯದ ಸಾಲಿನಲ್ಲಿ ಗೋಷ್ಠಿಯ ಸಂಖ್ಯೆ ಬರಬೇಕು. ಇವು ಅಧಿಕಾರದ ಗತ್ತಿನಿಂದ ಹುಟ್ಟಿದ ನಿಯಮಗಳಲ್ಲ. 1919ರಲ್ಲಿ ಪುಣೆಯಲ್ಲಿ ಮೊದಲಾಗಿ 1935ರಲ್ಲಿ ಮೈಸೂರಿನಲ್ಲಿಯೂ ಸೇರಿದ ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನದಂತಹ ದೊಡ್ಡ ಸಭೆಗಳಲ್ಲಿ ಪ್ರಬಂಧಗಳ ಸಾರಾಂಶಗಳನ್ನು ಒಟ್ಟುಮಾಡಿ ಪುಸ್ತಕವಾಗಿ ಅಚ್ಚು ಹಾಕಿಸುವ ವಾಡಿಕೆ ಬೆಳೆದು ಬಂದಿದೆ. 1997ರ ಜನವರಿಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ತರಳಬಾಳು ಕೇಂದ್ರದ ಆಶ್ರಯದಲ್ಲಿ ಹತ್ತನೆಯ ವಿಶ್ವ ಸಂಸ್ಕೃತ ಸಮ್ಮೇಳನ ನಡೆದುದು ನಮ್ಮ ಓದುಗರಲ್ಲಿ ಅನೇಕರಿಗೆ ನೆನಪಿರಬಹುದು. ಅಂತಹ ಸಭೆಗಳಲ್ಲಿ ಒಬ್ಬೊಬ್ಬರ ಸಾರಾಂಶಕ್ಕೆ ಇಷ್ಟೇ ಸ್ಥಳವೆಂದು ಮೊದಲೇ ಗೊತ್ತುಪಡಿಸದಿದ್ದರೆ ಅಚ್ಚಿನ ಕೆಲಸ ಸಾಗುವುದಿಲ್ಲ. ಇನ್ನು ಹೆಸರಿಲ್ಲದ ಫೈಲನ್ನು ಕೇಳುವುದೇಕೆಂದರೆ, ಓದಿ ತೀರ್ಪು ಕೊಡುವ ವಿದ್ವಾಂಸರಿಗೆ ಬರೆದವರು ಯಾರೆಂಬುದು ತಿಳಿಯದಿರಲಿ ಎಂದು.

ಇಲ್ಲಿಯೇ ಮುಖ್ಯವಾದ ಭೇದವಿದೆ. ಪತ್ರವನ್ನು ಓದುವವರು ಸಂಚಾಲಕರು. ಸಾರಾಂಶವನ್ನು ಓದುವವರು ಪರಿಶೀಲಕರು. ಇದನ್ನು ಯಾವ ಗೋಷ್ಠಿಗೆ ಸೇರಿಸಬೇಕು, ಬಂದಿರುವುದು ಪೂರ್ಣವಾಗಿದೆಯೇ, ಯಾರಿಗೆ ಉತ್ತರ ಬರೆಯಬೇಕು ಎಂಬ ಮೂರೇ ಪ್ರಶ್ನೆಗಳು ಸಂಚಾಲಕರವು. ನಮ್ಮ ತರುಣನು ಪತ್ರದಲ್ಲಿ ಕಡತದ ಮಹಿಮೆಯನ್ನೂ ತನ್ನ ಪರಿಶ್ರಮವನ್ನೂ ವಿಸ್ತರಿಸಿ, ಸಾರಾಂಶದಲ್ಲಿ ತನ್ನ ಹೆಸರು, ಶಾಲೆ, ಸಹಾಯ ಮಾಡಿದವರಿಗೆ ಕೃತಜ್ಞತೆ ಇವನ್ನು ಬರೆದಿದ್ದನು. ಅಲ್ಲಿಯದು ಇಲ್ಲಿಗೂ ಇಲ್ಲಿಯದು ಅಲ್ಲಿಗೂ ಬಂದಿತ್ತು. ಸಾಲದುದಕ್ಕೆ “ಕಡತವನ್ನು ಈ ಪತ್ರದೊಡನೆ ಲಗತ್ತಿಸಿದ್ದೇನೆ” ಎಂದೂ ಇತ್ತು. ಈಗಿನ ಕನ್ನಡದಲ್ಲಿ ಕಡತವೆಂದರೆ ಕಚೇರಿಯ ಫೈಲು, ಗಣಕದ ಫೈಲೂ ಹೌದು. ಮೂಲ ಹಸ್ತಪ್ರತಿಯನ್ನೇ ಕಳುಹಿಸಿದ್ದೀರಾ ಎಂದು ಸಂಚಾಲಕರು ಕೇಳಿದರಂತೆ!

ಆದರೆ ಅವರು ಸಾರಾಂಶವನ್ನು ಓದಲಾರದೆ ಹೋದುದಕ್ಕೆ ಕಾರಣ ಬೇರೆ. ಅದನ್ನು ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಲಾಗಿತ್ತು. ಯೂನಿಕೋಡ್‌ನಲ್ಲಿ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ಅದರದೇ ಸಂಕೇತವಿದೆ. ಹಳೆಯ ನುಡಿಯಲ್ಲಿ ಗಣಕವು ಒಳಗೆ ಇಟ್ಟುಕೊಳ್ಳುವುದು ರೋಮನ್ ಲಿಪಿಯ ಸಂಕೇತಗಳನ್ನೇ. ಅವುಗಳ ಮೇಲೆ ಕನ್ನಡದ ರೂಪವನ್ನು ಹೊದಿಸುವುದು ಆ ಅಕ್ಷರವಿನ್ಯಾಸ. ಅದು ಇಲ್ಲದ ಯಂತ್ರದಲ್ಲಿ ತೆರೆದರೆ ಹೊದಿಕೆ ಜಾರಿಬೀಳುತ್ತದೆ. ‘ಕನ್ನಡ’ ಎಂಬ ಪದ `PÀ£ÀßqÀ` ಎಂದು ಕಾಣುತ್ತದೆ. ಕಳುಹಿಸಿದವನ ಯಂತ್ರದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುವುದರಿಂದ ದೋಷ ಅವನಿಗೆ ಗೊತ್ತಾಗುವುದೇ ಇಲ್ಲ. ಪರೀಕ್ಷೆ ಸುಲಭ: ಮೊದಲು ತನಗೆ ತಾನೇ ಇ-ಮೇಲ್ ಮಾಡಿಕೊಂಡು ಫೈಲನ್ನು ಮೊಬೈಲಿನಲ್ಲಿ ತೆರೆದು ನೋಡುವುದು. ಅಲ್ಲಿ ಕನ್ನಡ ಕಂಡರೆ ಸಮಿತಿಯಲ್ಲಿಯೂ ಕಾಣುತ್ತದೆ. ಹಳೆಯ ಬರವಣಿಗೆಯನ್ನು ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳಿವೆ; ಆದರೆ ಪರಿವರ್ತನೆಯಾದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳಿರುವ ಪದಗಳನ್ನು ಒಂದೊಂದಾಗಿ ಓದಿ ನೋಡದೆ ಬಿಡಬಾರದು.

ಇನ್ನು ಪದಮಿತಿಯ ವಿಚಾರ. ಇದರಲ್ಲಿ ವೈಯಾಕರಣನಿಗೆ ಸ್ವಲ್ಪ ವಿನೋದವೂ ಉಂಟು. ಗಣಕವು ಪದವನ್ನು ವಿಭಕ್ತಿಯಿಂದಾಗಲಿ ಅರ್ಥದಿಂದಾಗಲಿ ಗುರುತಿಸುವುದಿಲ್ಲ. ಎರಡು ತೆರಪುಗಳ ನಡುವೆ ಇರುವುದೆಲ್ಲ ಅದಕ್ಕೆ ಒಂದು ಪದ. ಆದುದರಿಂದ ‘ಬರೆಯಬೇಕಾಗುತ್ತದೆ’ ಎಂಬುದು ಒಂದು, ‘ಬರೆಯ ಬೇಕಾಗುತ್ತದೆ’ ಎಂಬುದು ಎರಡು. ಇಕ್ಕೆಲದಲ್ಲಿ ತೆರಪು ಬಿಟ್ಟು ಬರೆದ ಅಡ್ಡಗೆರೆಯೂ ಒಂದು ಪದವೆಂದೇ ಎಣಿಕೆಗೆ ಬರುತ್ತದೆ. ‘ಕಡತದಲ್ಲಿರುವ’ ಎಂದು ನಾವು ಒಂದೇ ಪದದಲ್ಲಿ ಹೇಳುವುದನ್ನು ಇಂಗ್ಲಿಷಿನವರು ‘ದಟ್ ಈಸ್ ಇನ್ ದ ಲೆಡ್ಜರ್’ ಎಂದು ಐದು ಪದಗಳಲ್ಲಿ ಹೇಳುತ್ತಾರೆ. ಆದ್ದರಿಂದ ಒಂದೇ ಮಿತಿಯೊಳಗೆ ಕನ್ನಡದಲ್ಲಿ ಹೆಚ್ಚು ಹೇಳಬಹುದು. ಎರಡೂ ಭಾಷೆಗಳಲ್ಲಿ ಕೇಳಿದ್ದರೆ ಇಂಗ್ಲಿಷಿನದನ್ನು ಮೊದಲು ಬರೆದು ಮಿತಿಗೆ ತರುವುದು ಜಾಣತನ. ಕನ್ನಡದಲ್ಲಿ ಮಿತಿಯ ಅಂಚಿನವರೆಗೆ ತುಂಬಿಸಿದ್ದು ಭಾಷಾಂತರದಲ್ಲಿ ಉಕ್ಕಿ ಹರಿಯುತ್ತದೆ. ಇದನ್ನೇ ನೆವಮಾಡಿಕೊಂಡು ‘ಕಡತಗತಮಾನಪದವೈವಿಧ್ಯವಿಮರ್ಶೆ’ ಎಂದು ಸಮಾಸ ಕಟ್ಟಿ ಐದು ಪದಗಳನ್ನು ಒಂದು ಮಾಡುವವರೂ ಇದ್ದಾರೆ. ಗಣಕ ಮೋಸಹೋಗಬಹುದು, ಪರಿಶೀಲಕರು ಹೋಗುವುದಿಲ್ಲ.

ತರುಣನ ಸಾರಾಂಶದಲ್ಲಿ 412 ಪದಗಳಿದ್ದವು. ಮರುವರ್ಷ ನಾವಿಬ್ಬರೂ ರಾಜಾಜಿನಗರದ ನಮ್ಮ ಮನೆಯಲ್ಲಿ ಕುಳಿತು ಅದನ್ನು ತಿದ್ದಿದೆವು. “ಮೇಷ್ಟ್ರೇ, ಯಾವುದನ್ನು ಬಿಟ್ಟರೂ ಪ್ರಾಣವನ್ನೇ ಬಿಟ್ಟ ಹಾಗಾಗುತ್ತದೆ” ಎಂದನು. ಬಿಡಬೇಕಾದುದು ವಿಷಯವಲ್ಲ ಎಂಬುದು ಬೇಗನೆ ತಿಳಿಯಿತು. ಕೆಂಗೇರಿಯ ಪ್ರಾಚೀನತೆಯನ್ನು ಕುರಿತ ಮೊದಲ ಖಂಡವನ್ನು ಇಡಿಯಾಗಿ ತೆಗೆದೆವು. ಆಮೇಲೆ ಈ ವಾಕ್ಯ ಎದುರಾಯಿತು: “ಈ ಕಡತದಲ್ಲಿ ಕಂಡುಬರುವಂತಹ ಅಳತೆಯ ಪದಗಳನ್ನು ಕುರಿತು ಈ ಪ್ರಬಂಧದಲ್ಲಿ ಚರ್ಚಿಸಲು ಪ್ರಯತ್ನ ಮಾಡಲಾಗಿದೆ.” ಹನ್ನೊಂದು ಪದಗಳು, ತಿಳಿದು ಬಂದುದು ಏನೂ ಇಲ್ಲ. “ಕಡತದ ಅಳತೆಪದಗಳು ಮೂರು ಬಗೆಯವು” ಎಂದರೆ ನಾಲ್ಕೇ ಪದಗಳಲ್ಲಿ ಒಂದು ಫಲಿತಾಂಶವನ್ನೇ ಹೇಳಿದಂತಾಯಿತು. ವಸ್ತು ಯಾವುದು, ಅದನ್ನು ಕೇಳಿದ ಪ್ರಶ್ನೆ ಯಾವುದು, ಹೇಗೆ ಪರಿಶೀಲಿಸಿದೆ, ಏನು ಕಂಡಿತು, ಯಾವುದು ಇನ್ನೂ ಓದಲಾಗಿಲ್ಲ ಎಂಬ ಕ್ರಮದಲ್ಲಿ ಬರೆದಾಗ 231ಕ್ಕೆ ನಿಂತಿತು. ಕೊನೆಯ ಅಂಶವನ್ನು ಮುಚ್ಚಿಡುವುದು ಬೇಡವೆಂದು ನಾನೇ ಹಟ ಹಿಡಿದೆನು.

ಹೆಸರನ್ನು ಪುಟದಿಂದ ತೆಗೆದರೂ ಫೈಲಿನ ಒಳಗೆ ಅದು ಉಳಿದಿರುತ್ತದೆ. ಯಂತ್ರದ ಒಡೆಯರ ಹೆಸರನ್ನು ಅದು ತಾನಾಗಿಯೇ ಬರೆದುಕೊಂಡಿರುತ್ತದೆ. ವರ್ಡ್‌ನಲ್ಲಿ `File`, `Info`, `Check for Issues`, `Inspect Document` ಎಂಬ ಕ್ರಮದಲ್ಲಿ ಹೋದರೆ ಅದನ್ನು ಅಳಿಸಬಹುದು. ಫೈಲಿಗೆ `Abstract_S4_Kadata.docx` ಎಂದು, ಗೋಷ್ಠಿಯ ಸಂಖ್ಯೆಯೂ ವಿಷಯವೂ ತಿಳಿಯುವಂತೆ, ತನ್ನ ಹೆಸರಿಲ್ಲದೆ ಹೆಸರಿಟ್ಟೆವು. ಲೇಖಕರ ಹೆಸರನ್ನೇ ಫೈಲಿನ ಹೆಸರಾಗಿ ಇಡಿ ಎಂದು ಕೇಳುವ ಸಮಿತಿಗಳೂ ಉಂಟು. ಅಲ್ಲಿ ಹಾಗೆಯೇ ಮಾಡಬೇಕು.

ಪತ್ರವು ಕೊನೆಗೆ ಈ ರೂಪಕ್ಕೆ ಬಂದಿತು:

ವಿಷಯ: ಸಾರಾಂಶ ಸಲ್ಲಿಕೆ, ಗೋಷ್ಠಿ 4, ವರ್ತಕ ಕಡತದ ಅಳತೆಪದಗಳು

ಮಾನ್ಯ ಸಂಚಾಲಕರೇ,
ತಮ್ಮ ಸಮ್ಮೇಳನದ ನಾಲ್ಕನೆಯ ಗೋಷ್ಠಿಗಾಗಿ ‘ಒಂದು ವರ್ತಕ ಕಡತದ ಅಳತೆಪದಗಳು’ ಎಂಬ ಪ್ರಬಂಧದ ಸಾರಾಂಶವನ್ನು ಲಗತ್ತಿಸಿದ್ದೇನೆ. ಸಾರಾಂಶದಲ್ಲಿ 231 ಪದಗಳೂ ಅದರ ಕೆಳಗೆ ಐದು ಸೂಚಕಪದಗಳೂ ಇವೆ. ಸೂಚನೆಯಂತೆ ಆ ಫೈಲಿನಲ್ಲಿ ನನ್ನ ಹೆಸರಿಲ್ಲ. ಪ್ರಬಂಧವು ಬೇರೆಲ್ಲಿಯೂ ಮಂಡಿತವಾಗಿಲ್ಲ, ಅಚ್ಚಾಗಿಲ್ಲ. ಹಸ್ತಪ್ರತಿಯ ಒಡೆಯರು ಅದರ ಬಳಕೆಗೆ ಲಿಖಿತ ಒಪ್ಪಿಗೆ ಕೊಟ್ಟಿದ್ದಾರೆ. ನಾನೇ ಬಂದು ಮಂಡಿಸುತ್ತೇನೆ. ಛಾಯಾಚಿತ್ರಗಳನ್ನು ತೋರಿಸಲು ಪರದೆ ಬೇಕಾಗುತ್ತದೆ. ಪತ್ರ ತಲಪಿದುದನ್ನು ತಿಳಿಸಬೇಕೆಂದು ಕೋರುತ್ತೇನೆ.

ಇದರ ಕೆಳಗೆ ಹೆಸರು, ಹುದ್ದೆ, ಶಾಲೆ, ದೂರವಾಣಿ ಸಂಖ್ಯೆ. ಅವನ್ನು ಬಿಟ್ಟರೆ ಒಕ್ಕಣೆಯಲ್ಲಿ 49 ಪದಗಳಿವೆ. “ಅತ್ಯಂತ ವಿನಯಪೂರ್ವಕವಾಗಿ” ಎಂದು ಆರಂಭಿಸಬೇಕೆಂದು ಆತನಿಗೆ ಆಸೆಯಿತ್ತು. ನನಗೂ ಹಳೆಯ ಪತ್ರಗಳ ಶ್ರೀಕಾರ, ವಿಜ್ಞಾಪನೆಗಳ ಮೇಲೆ ಮಮತೆ ಉಂಟು. ಆದರೆ ನೂರಾರು ಪತ್ರಗಳನ್ನು ತೆರೆಯುವವರಿಗೆ ಮೊದಲ ಸಾಲಿನಲ್ಲಿಯೇ ಗೋಷ್ಠಿಯೂ ಶೀರ್ಷಿಕೆಯೂ ಸಿಕ್ಕುವುದೇ ವಿನಯವೆಂದು ಒಪ್ಪಿಕೊಂಡೆವು.

ಮೊದಲು ಫೈಲನ್ನು ಲಗತ್ತಿಸಿ, ಆಮೇಲೆ ಒಕ್ಕಣೆಯನ್ನು ಬರೆದು, ವಿಳಾಸವನ್ನು ಕೊನೆಗೆ ತುಂಬಬೇಕು. ಹಾಗೆ ಮಾಡಿದರೆ ಫೈಲಿಲ್ಲದ ಪತ್ರ ಕೈಜಾರಿ ಹೋಗುವುದಿಲ್ಲ. ಕಡೆಯ ದಿನದ ಹಿಂದಿನ ದಿನವೇ ಕಳುಹಿಸಿದೆವು. ವಾರದವರೆಗೆ ಉತ್ತರವಿಲ್ಲದಿರಲು, ಹೊಸ ಪತ್ರ ಬರೆಯದೆ ಅದೇ ಪತ್ರಕ್ಕೆ ಉತ್ತರರೂಪವಾಗಿ ಒಂದು ಸಾಲು ಬರೆದು ಕೇಳಿದೆವು. ಹೊಸದಾಗಿ ಕಳುಹಿಸಿದ್ದರೆ ಒಂದೇ ಸಾರಾಂಶ ಎರಡು ಬಾರಿ ದಾಖಲಾಗುವ ಸಂಭವವಿತ್ತು. ಮರುದಿನ ಸ್ವೀಕೃತಿ ಬಂದಿತು, ತಿಂಗಳ ಮೇಲೆ ಒಪ್ಪಿಗೆಯೂ ಬಂದಿತು.

ಆ ನಡುವಿನ ವರ್ಷದಲ್ಲಿ ಕಡತವನ್ನು ಓದಬಲ್ಲವರಾಗಿದ್ದ ಹಿರಿಯರು ಲಿಂಗೈಕ್ಯರಾಗಿದ್ದರು. ಪ್ರಬಂಧವನ್ನು ಮಂಡಿಸುವಾಗ ಪರದೆಯ ಮೇಲೆ ಎರಡು ಚಿಹ್ನೆಗಳನ್ನು ತೋರಿಸಿ, ಇವು ಏನೆಂದು ನನಗೆ ತಿಳಿಯದು ಎಂದು ತರುಣನು ಹೇಳಬೇಕಾಯಿತು. ಸಭೆಯಲ್ಲಿದ್ದವರಿಗೂ ತಿಳಿದಿರಲಿಲ್ಲ.