ರೂಮು ಬಿಟ್ಟುಕೊಟ್ಟ ಬೋಲ್ಟ್

ವಾಟ್ಸ್ಆ್ಯಪ್ ಗುಂಪುಗಳಲ್ಲಿ, ವ್ಯಕ್ತಿತ್ವ ವಿಕಸನದ ಭಾಷಣಗಳಲ್ಲಿ ಆಗಾಗ ಕಿವಿಗೆ ಬೀಳುವ ಕತೆ ಇದು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒಂದು ರಾತ್ರಿ ಬಿರುಗಾಳಿ, ಮಳೆ. ತೊಯ್ದು ತೊಪ್ಪೆಯಾದ ವೃದ್ಧ ದಂಪತಿ ಸಣ್ಣ ಹೋಟೆಲೊಂದಕ್ಕೆ ಬರುತ್ತಾರೆ. ಊರಲ್ಲಿ ಸಮಾವೇಶಗಳು ನಡೆಯುತ್ತಿದ್ದರಿಂದ ಎಲ್ಲೂ ರೂಮಿಲ್ಲ. ರಾತ್ರಿ ಪಾಳಿಯ ರಿಸೆಪ್ಷನಿಸ್ಟ್ ತನ್ನ ಕೋಣೆಯನ್ನೇ ಬಿಟ್ಟುಕೊಡುತ್ತಾನೆ. ಎರಡು ವರ್ಷದ ಮೇಲೆ ಆ ಮುದುಕನಿಂದ ಟಿಕೆಟ್ ಸಮೇತ ಪತ್ರ ಬರುತ್ತದೆ. ನ್ಯೂಯಾರ್ಕಿಗೆ ಹೋದರೆ ಅಲ್ಲೊಂದು ಅರಮನೆಯಂಥ ಹೋಟೆಲು. ಅದನ್ನು ಕಟ್ಟಿಸಿದ್ದೇ ಈತ ನಡೆಸಲಿ ಎಂದು!

ಮುದುಕನ ಹೆಸರು ವಿಲಿಯಂ ವಾಲ್ಡಾರ್ಫ್ ಆಸ್ಟರ್, ರಿಸೆಪ್ಷನಿಸ್ಟ್ ಹೆಸರು ಜಾರ್ಜ್ ಬೋಲ್ಟ್, ಹೋಟೆಲು ವಾಲ್ಡಾರ್ಫ್. ಮೂರೂ ನಿಜ. ಆಸ್ಟರ್ ಮಾತ್ರ ಮುದುಕನಲ್ಲ. ಆತ ಹುಟ್ಟಿದ್ದು 1848ರಲ್ಲಿ, ಹೋಟೆಲು ಬಾಗಿಲು ತೆರೆದದ್ದು 1893ರಲ್ಲಿ. ಅಂದರೆ ಆ ಮಳೆಯ ರಾತ್ರಿ ಆತನಿಗೆ ಹೆಚ್ಚೆಂದರೆ ನಲವತ್ತೆರಡು-ನಲವತ್ತಮೂರು ವರ್ಷ. ಹೆಂಡತಿ ಮೇರಿ ಇನ್ನೂ ಚಿಕ್ಕವಳು. ಆಕೆಯ ತವರು ಫಿಲಡೆಲ್ಫಿಯಾವೇ ಆದ್ದರಿಂದ ಆ ಊರಿಗೆ ಅವರು ಬಂದುಹೋಗುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ಬೋಲ್ಟ್ ಕೂಡ ಕೌಂಟರಿನ ಹಿಂದೆ ನಿದ್ದೆಗೆಟ್ಟು ಕೂತ ಬಡ ನೌಕರನಾಗಿರಲಿಲ್ಲ. ಬಾಲ್ಟಿಕ್ ಸಮುದ್ರದ ರ್‍ಯೂಗೆನ್ ದ್ವೀಪದಲ್ಲಿ 1851ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಬಂದು, ಅಡುಗೆಮನೆಯ ಕೆಲಸದಿಂದ ಶುರುಮಾಡಿದವನು ಹೌದು. ಆಮೇಲೆ ಫಿಲಡೆಲ್ಫಿಯಾದ ಶ್ರೀಮಂತರ ಕ್ಲಬ್ಬಿನಲ್ಲಿ ಕೆಲಸ ಮಾಡಿ, ಅಲ್ಲಿನ ಮೇಲ್ವಿಚಾರಕರ ಮಗಳು ಲೂಯಿಸ್‌ಳನ್ನು ಮದುವೆಯಾದ. 1881ರಲ್ಲಿ ಇಬ್ಬರೂ ಸೇರಿ ಬೆಲ್‌ವ್ಯೂ ಎಂಬ ಹೋಟೆಲು ಹಾಕಿದರು. ಹೋಟೆಲು ಸಣ್ಣದೇ, ಆದರೆ ಬರುವವರೆಲ್ಲ ದೊಡ್ಡವರು. ಅಂದರೆ ಕತೆಯ ರಿಸೆಪ್ಷನಿಸ್ಟ್ ಆ ಹೋಟೆಲಿನ ಧಣಿ.

ಹಾಗಾದರೆ ಕತೆ ಪೂರ್ತಿ ಸುಳ್ಳೇ? ಹಾಗೂ ಅನ್ನಲಾಗದು. ಇದಕ್ಕೆ ಇನ್ನೊಂದು ರೂಪವಿದೆ. ಆಸ್ಟರ್ ಸಂಸಾರ ಸಮೇತ ಬೆಲ್‌ವ್ಯೂಗೆ ಬಂದಾಗ ಒಂದು ರೂಮೂ ಖಾಲಿಯಿರಲಿಲ್ಲ, ಮಗುವಿಗೆ ಬೇರೆ ಹುಷಾರಿರಲಿಲ್ಲ. ಬೋಲ್ಟ್ ದಂಪತಿ ತಮ್ಮ ವಾಸದ ಕೋಣೆಗಳನ್ನೇ ಖಾಲಿಮಾಡಿ ಕೊಟ್ಟರು ಎನ್ನುವುದು. ಇದಕ್ಕೂ ಗಟ್ಟಿ ದಾಖಲೆ ಕಾಣುವುದಿಲ್ಲ, ಆದರೆ ನಂಬಬಹುದಾದ ಮಾತು. ಹೋಟೆಲು ನಡೆಸುವವರು ಅದರೊಳಗೇ ಸಂಸಾರ ಹೂಡುವುದು ಆಗ ಮಾಮೂಲು. ಎಲ್ಲ ರೂಮು ಭರ್ತಿಯಾದ ರಾತ್ರಿ ಧಣಿಯ ಕೈಲಿ ಉಳಿಯುವುದು ಅವನ ಸ್ವಂತ ಹಾಸಿಗೆಯೊಂದೇ.

ಇವತ್ತಿನ ರಾತ್ರಿ ಪಾಳಿಯವರಿಗೆ ಆ ದಾರಿಯಿಲ್ಲ. ಅವರಿಗೆ ಅಲ್ಲಿ ಸ್ವಂತ ಕೋಣೆಯೇ ಇರುವುದಿಲ್ಲ. ಅನುಭವಸ್ಥರು ಮೊದಲು ನೋಡುವುದು ಬುಕಿಂಗ್ ಮಾಡಿಯೂ ಬಾರದವರ ಪಟ್ಟಿಯನ್ನು. ಮುಂಗಡ ಕೊಡದವರ ರೂಮು ಬೇರೆಯವರಿಗೆ ಕೊಡಬಹುದು. ಪೂರ್ತಿ ದುಡ್ಡು ಕಟ್ಟಿದವರದ್ದನ್ನು ಮುಟ್ಟುವಂತಿಲ್ಲ, ಬೆಳಗಿನ ಜಾವ ನಾಲ್ಕಕ್ಕೆ ಬಂದು ಬಾಗಿಲು ಬಡಿದರೆ ಉತ್ತರ ಹೇಳಬೇಕು. ಆಮೇಲೆ ರಿಪೇರಿಗೆಂದು ಬೀಗ ಹಾಕಿದ ರೂಮು. ಎಸಿ ಕೆಟ್ಟಿದ್ದರೆ ಮಳೆಯ ರಾತ್ರಿಗೆ ಅಡ್ಡಿಯಿಲ್ಲ, ಕರೆಂಟಿನ ತೊಂದರೆ ಅಥವಾ ಸೂರು ಸೋರುವುದಿದ್ದರೆ ಕೊಡುವಂತಿಲ್ಲ. ಅದೂ ಇಲ್ಲದಿದ್ದರೆ ಅಕ್ಕಪಕ್ಕದ ಹೋಟೆಲುಗಳಿಗೆ ಫೋನು. ಮಕ್ಕಳಿರುವ ಸಂಸಾರವನ್ನು ಬರೀ ವಿಳಾಸ ಕೊಟ್ಟು ಮಳೆಗೆ ಕಳಿಸುವವನಿಗೂ, ಅಲ್ಲಿ ರೂಮು ಗೊತ್ತುಮಾಡಿ ಗಾಡಿ ಹತ್ತಿಸುವವನಿಗೂ ಇರುವ ವ್ಯತ್ಯಾಸ ಎರಡು ಫೋನ್ ಕರೆ ಅಷ್ಟೇ.

ಇನ್ನು ಆಸ್ಟರ್ ಹೋಟೆಲು ಕಟ್ಟಿಸಿದ್ದು ಕೃತಜ್ಞತೆಗೇ ಎನ್ನುವುದನ್ನು ನಂಬುವುದು ಕಷ್ಟ. 1890ರಲ್ಲಿ ತಂದೆ ತೀರಿಕೊಂಡು ಆಸ್ತಿ ಕೈಗೆ ಬಂತು. ನ್ಯೂಯಾರ್ಕಿನ ಐದನೇ ಅವೆನ್ಯೂದಲ್ಲಿದ್ದ ತಂದೆಯ ಮನೆಗೆ ಒತ್ತಿಕೊಂಡಂತೆ ಚಿಕ್ಕಮ್ಮ ಕ್ಯಾರೊಲಿನ್ ಆಸ್ಟರ್ ಮನೆಯಿತ್ತು. ಊರಿನ ಸಿರಿವಂತ ಸಮಾಜಕ್ಕೆಲ್ಲ ಆಕೆಯದೇ ಯಜಮಾನಿಕೆ. ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಆಸ್ಟರ್ ಸಂಸಾರ ಸಮೇತ ಇಂಗ್ಲೆಂಡಿಗೆ ಹೊರಟುಹೋದ. ತಂದೆಯ ಮನೆ ಕೆಡವಿ, ಚಿಕ್ಕಮ್ಮನ ನೆತ್ತಿಯ ಮೇಲೆ ಹದಿಮೂರು ಅಂತಸ್ತಿನ ಹೋಟೆಲು ಎಬ್ಬಿಸಿದ. ಅದನ್ನು ನಡೆಸಲು ಗುತ್ತಿಗೆಗೆ ಪಡೆದದ್ದು ಬೋಲ್ಟ್. ದೂರದೂರಲ್ಲಿ ಕೂತ ಮಾಲೀಕನಿಗೆ ಬೇಕಾಗಿದ್ದುದು ಇಂಥವನೇ.

ಚಿಕ್ಕಮ್ಮ ಕೊನೆಗೆ ಆ ಮನೆ ಬಿಟ್ಟಳು. ಆಕೆಯ ಮಗ ಜಾನ್ ಜೇಕಬ್ ಆಸ್ಟರ್ (ಮುಂದೆ ಟೈಟಾನಿಕ್ ಹಡಗಿನೊಂದಿಗೆ ಮುಳುಗಿದವನು) ಅದೇ ಜಾಗದಲ್ಲಿ 1897ರಲ್ಲಿ ಅಸ್ಟೋರಿಯಾ ಎಂಬ ಇನ್ನೂ ಎತ್ತರದ ಹೋಟೆಲು ಕಟ್ಟಿಸಿದ. ಎರಡನ್ನೂ ಒಂದಾಗಿ ನಡೆಸುವ ಹೊಣೆ ಬೋಲ್ಟ್‌ನದೇ ಆಯಿತು. ಎರಡು ಕಟ್ಟಡಗಳನ್ನು ಜೋಡಿಸುವ ಓಣಿಯನ್ನು ಮಾತ್ರ, ದಾಯಾದಿಗಳು ಮತ್ತೆ ಜಗಳವಾಡಿದರೆ ಗೋಡೆ ಕಟ್ಟಿ ಮುಚ್ಚಲು ಬರುವಂತೆ ರೂಪಿಸಿದ್ದರು. ಆ ಪ್ರಸಂಗ ಬರಲಿಲ್ಲ. ಬೋಲ್ಟ್ 1916ರಲ್ಲಿ ತೀರಿಕೊಂಡ. 1929ರಲ್ಲಿ ಎರಡೂ ಹೋಟೆಲುಗಳನ್ನು ಕೆಡವಿ, ಆ ನಿವೇಶನದ ಮೇಲೆ ಎಂಪೈರ್ ಸ್ಟೇಟ್ ಬಿಲ್ಡಿಂಗ್ ಕಟ್ಟಿದರು.