ಸಂಬಳಕ್ಕೊಂದು ಬಾಗಿಲು, ಬಾಡಿಗೆಗೊಂದು ಬಾಗಿಲು

ಶಾರ್ಜಾದಲ್ಲಿ ಮನೆ, ದುಬೈಯಲ್ಲಿ ಕೆಲಸ. ನಮ್ಮ ಕರಾವಳಿಯಿಂದ ಹೋದ ಎಷ್ಟೋ ಕುಟುಂಬಗಳ ದಿನಚರಿ ಇದು. ಎರಡು ಎಮಿರೇಟುಗಳ ನಡುವಿನ ಗಡಿಯಲ್ಲಿ ಪಾಸ್‌ಪೋರ್ಟ್ ಕೇಳುವವರಿಲ್ಲ. ಆದರೂ ಅದನ್ನು ದಾಟಿದೊಡನೆ ಬಾಡಿಗೆಯ ಕಾನೂನು ಬದಲಾಗುತ್ತದೆ. ವೀಸಾದ ಕಾನೂನು ಮಾತ್ರ ಹಾಗೆಯೇ ಇರುತ್ತದೆ.

ಇದರ ಬೇರು ಯುಎಇ ಹುಟ್ಟಿದ ರೀತಿಯಲ್ಲಿದೆ. 1971ರ ಡಿಸೆಂಬರ್ 2ರಂದು ಆರು ಎಮಿರೇಟುಗಳು ಒಂದಾದವು, ಮರುವರ್ಷ ರಾಸ್ ಅಲ್ ಖೈಮಾ ಸೇರಿತು. ಮೊದಲೇ ಆಳುತ್ತಿದ್ದ ಮನೆತನಗಳು ತಮ್ಮ ಅಧಿಕಾರದಲ್ಲಿ ಒಂದು ಪಾಲನ್ನಷ್ಟೇ ಒಕ್ಕೂಟಕ್ಕೆ ಬಿಟ್ಟುಕೊಟ್ಟವು. ಸಂವಿಧಾನದ 120ನೇ ವಿಧಿಯಂತೆ ವಿದೇಶಾಂಗ, ರಕ್ಷಣೆ, ನಾಣ್ಯ, ಪೌರತ್ವ, ವಲಸೆಯಂಥವು ಒಕ್ಕೂಟಕ್ಕೆ ಸೇರಿದವು. ಕಾರ್ಮಿಕ ಕಾನೂನು ರೂಪಿಸುವುದೂ ಅದರದೇ ಕೆಲಸ. ಉಳಿದದ್ದೆಲ್ಲ ಎಮಿರೇಟಿನದು, ನೆಲದಡಿಯ ತೈಲವೂ ಸೇರಿ. ಭಾರತದಲ್ಲಿ ಪಟ್ಟಿಗಳಲ್ಲಿ ಹೆಸರಿಲ್ಲದ ವಿಷಯ ಕೇಂದ್ರದ ಪಾಲು; ಅಲ್ಲಿ ಇದು ತಿರುವುಮುರುವು.

ಬಾಡಿಗೆ ಈ 'ಉಳಿದದ್ದರ' ಗುಂಪಿಗೆ ಬರುತ್ತದೆ.

ದುಬೈಯಲ್ಲಿ ವರ್ಷಕ್ಕೆ 60,000 ದಿರ್ಹಮ್ ಬಾಡಿಗೆ ಕೊಡುವ ಒಂದು ಕುಟುಂಬವಿದೆ ಎನ್ನೋಣ. ಅಂಥದೇ ಮನೆಗಳ ಸರಾಸರಿ ಬಾಡಿಗೆ ಈಗ 80,000. ಅಂದರೆ ಇವರದು ಶೇ. 25ರಷ್ಟು ಕಡಿಮೆ. 2013ರ ದುಬೈ ಆದೇಶದಂತೆ ಇಷ್ಟು ಅಂತರವಿದ್ದಾಗ ಮಾಲೀಕರು ನವೀಕರಣದ ವೇಳೆ ಹೆಚ್ಚೆಂದರೆ ಶೇ. 10ರಷ್ಟು ಏರಿಸಬಹುದು, ಹೊಸ ಬಾಡಿಗೆ 66,000 ಮೀರುವಂತಿಲ್ಲ. ಕರಾರನ್ನು ದುಬೈ ಭೂ ಇಲಾಖೆಯ 'ಇಜಾರಿ' ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ವರ್ಷದ ಬಾಡಿಗೆಯ ಶೇ. 5ರಷ್ಟು ವಸತಿ ಶುಲ್ಕ ಮಹಾನಗರಪಾಲಿಕೆಗೆ ಸಲ್ಲುತ್ತದೆ. ಅದು ಕರೆಂಟು-ನೀರಿನ ಬಿಲ್ಲಿನಲ್ಲೇ ತಿಂಗಳು ತಿಂಗಳು ಬರುತ್ತದೆ. 60,000ಕ್ಕೆ ಲೆಕ್ಕ ಹಾಕಿದರೆ ತಿಂಗಳಿಗೆ 250 ದಿರ್ಹಮ್.

ಅದೇ ಕುಟುಂಬ ಶಾರ್ಜಾದಲ್ಲಿದ್ದರೆ 2024ರ ಅಲ್ಲಿನ ಕಾನೂನು ಅನ್ವಯಿಸುತ್ತದೆ. ಬಾಡಿಗೆದಾರರು ಒಪ್ಪದ ಹೊರತು ಮೊದಲ ಮೂರು ವರ್ಷ ಬಾಡಿಗೆ ಏರಿಸುವಂತಿಲ್ಲ. ಕರಾರಿಗೆ ಮೊಹರು ಬೀಳುವುದು ನೇರ ಪಾಲಿಕೆಯಲ್ಲೇ.

ಹಾಗೆಂದು ಪಾಲಿಕೆಯನ್ನು ಮೂರನೇ ಸ್ವತಂತ್ರ ಸರಕಾರವೆಂದು ತಿಳಿಯುವುದು ತಪ್ಪು. ಅದು ಎಮಿರೇಟಿನ ಆಡಳಿತದ ಅಂಗ. ದುಬೈ ಪಾಲಿಕೆಗೆ ನಮ್ಮಲ್ಲಿಯಂತೆ ವಾರ್ಡು ಚುನಾವಣೆಯೂ ಇಲ್ಲ. ಅದರ ಅಧಿಕಾರ ಆಳುವ ದೊರೆಯ ಕಾನೂನಿನಿಂದ ಬಂದದ್ದು. ಆ ಕಾನೂನು ಬದಲಾದರೆ ಪಾಲಿಕೆಯ ಕೆಲಸವೂ ಬದಲಾಗುತ್ತದೆ.

ವಾರದ ರಜೆಯಲ್ಲೂ ಈ ಹಂಚಿಕೆ ಕಣ್ಣಿಗೆ ಬೀಳುತ್ತದೆ. 2022ರ ಜನವರಿಯಿಂದ ಒಕ್ಕೂಟದ ಕಚೇರಿಗಳಿಗೆ ವಾರಕ್ಕೆ ನಾಲ್ಕೂವರೆ ದಿನ ಕೆಲಸ. ಶಾರ್ಜಾ ಸರಕಾರ ತನ್ನ ಕಚೇರಿಗಳಿಗೆ ಶುಕ್ರವಾರ, ಶನಿವಾರ, ಭಾನುವಾರ ಮೂರೂ ದಿನ ರಜೆ ಕೊಟ್ಟಿತು.

ತೊಂದರೆ ಬಂದಾಗ ತಪ್ಪು ಬಾಗಿಲು ತಟ್ಟಿದರೆ ದಿನಗಳು ವ್ಯರ್ಥವಾಗುತ್ತವೆ. ಖಾಸಗಿ ಕಂಪನಿ ಸಂಬಳ ಕೊಡದಿದ್ದರೆ ಸಾಮಾನ್ಯವಾಗಿ ದೂರು ಹೋಗಬೇಕಾದದ್ದು ಒಕ್ಕೂಟದ ಕಾರ್ಮಿಕ ಸಚಿವಾಲಯಕ್ಕೆ. ಬಾಡಿಗೆ ತಕರಾರಿಗೆ ಕಂಪನಿ ಯಾವ ಊರಿನದು ಎಂಬುದು ಮುಖ್ಯವಲ್ಲ, ಮನೆ ಯಾವ ಎಮಿರೇಟಿನಲ್ಲಿದೆ ಎಂಬುದಷ್ಟೇ ಮುಖ್ಯ. ಅಲ್ಲಿಗೆ ಹೊರಟಿರುವ ನಿಮ್ಮ ಮನೆಯವರಿಗೆ ಇದನ್ನು ಈಗಲೇ ಹೇಳಿಡಿ. ಕರಾರನ್ನು ನೋಂದಾಯಿಸದೆ ಬಾಡಿಗೆಯ ಚೆಕ್ ಕೊಟ್ಟು ಸುಮ್ಮನಾಗಬೇಡಿ ಎಂದೂ ಹೇಳಿ.