ಗುಳಿಗೆಯೋ, ಲೇಪವೋ?

ಆಸ್ಟ್ರೇಲಿಯಾದ ನಂಬೂರ್ ಪಟ್ಟಣದಲ್ಲಿ 1992ರಲ್ಲಿ ಶುರುವಾದ ಪ್ರಯೋಗವೊಂದು ಗುಳಿಗೆ, ಲೇಪ ಎರಡನ್ನೂ ಒಟ್ಟಿಗೇ ಒರೆಗೆ ಹಚ್ಚಿತು. ಕೆಲವರಿಗೆ ದಿನಕ್ಕೆ 30 ಮಿಲಿಗ್ರಾಂ ಬೀಟಾ ಕ್ಯಾರೊಟಿನ್, ಉಳಿದವರಿಗೆ ಹುಸಿ ಗುಳಿಗೆ. ಅವರಲ್ಲೇ ಅರ್ಧದಷ್ಟು ಜನ ದಿನಾ ಬೆಳಿಗ್ಗೆ ಸನ್‌ಸ್ಕ್ರೀನ್ ಹಚ್ಚಿಕೊಳ್ಳಬೇಕಿತ್ತು. ಮಿಕ್ಕವರು ತೋಚಿದಾಗ ಹಚ್ಚಿಕೊಂಡರೆ ಸಾಕಿತ್ತು.

ನಾಲ್ಕೂವರೆ ವರ್ಷದ ಬಳಿಕ ಅಂಗೈ ಹಿಂಭಾಗದ ಚರ್ಮದ ಸಿಲಿಕೋನ್ ಅಚ್ಚು ತೆಗೆದು ಗೆರೆಗಳನ್ನು ಹೋಲಿಸಿದರು. ದಿನವೂ ಹಚ್ಚಿದವರ ಚರ್ಮಕ್ಕೆ ಮುಪ್ಪು ಶೇ. 24ರಷ್ಟು ಕಡಿಮೆ. ಗುಳಿಗೆಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ.

ಕೊಲಾಜನ್ ಪುಡಿಯನ್ನು ಹೊಟ್ಟೆ ಬೇಳೆಯ ಪ್ರೋಟೀನಿನಂತೆಯೇ ಒಡೆದು ಚೂರು ಮಾಡುತ್ತದೆ; ಆ ಚೂರುಗಳು ಮುಖಕ್ಕೇ ಹೋಗಬೇಕೆಂದಿಲ್ಲ. 23 ಪ್ರಯೋಗಗಳನ್ನು 2025ರಲ್ಲಿ ಒಟ್ಟಾಗಿ ತೂಗಿ ನೋಡಿದಾಗ, ಔಷಧ ಕಂಪನಿಗಳ ಹಣವಿಲ್ಲದೆ ನಡೆದವುಗಳಲ್ಲಿ ಚರ್ಮಕ್ಕೆ ಲಾಭ ಕಾಣಲಿಲ್ಲ.